‘ಹ್ಯಾವಿಂಗ್ ಬೀನ್ ಟೋಲ್ಡ್’ ಬರೆಯುವ ಮುನ್ನ ಇದನ್ನು ನೋಡಿ

ಅಕ್ಕಾರ, ಅಣ್ಣಾರ, ಬೆಳಗಾವಿಯಲ್ಲಿ ಪರೀಕ್ಷೆಗೆ ಓದುತ್ತಿರುವ ನಮ್ಮ ಹುಡುಗರು ಇಂಗ್ಲಿಷ್ ವಾಕ್ಯ ತಿರುಗಿಸಿ ಬರೆಯುವಾಗ ಬಹಳ ಸಲ ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಈ ಪ್ರಶ್ನೆ ನೋಡಿ, ಎರಡು ವಾಕ್ಯಗಳನ್ನು ‘ಹ್ಯಾವಿಂಗ್’ನಿಂದ ಶುರುಮಾಡಿ ಒಂದೇ ವಾಕ್ಯ ಮಾಡಬೇಕು: ‘ದೇ ಟೋಲ್ಡ್ ರವಿ ದಟ್ ದ ಗೋಕಾಕ್ ಬಸ್ ಹ್ಯಾಡ್ ಲೆಫ್ಟ್. ಹೀ ಟುಕ್ ಎ ಟ್ಯಾಕ್ಸಿ.’

ಮೊದಲು ಟ್ಯಾಕ್ಸಿ ಹಿಡಿದವನು ಯಾರು ಎಂದು ಕೇಳಿಕೊಳ್ಳಿ. ರವಿ. ಅವನು ಹೇಳಿದನೋ, ಅವನಿಗೆ ಯಾರೋ ಹೇಳಿದರೋ? ಯಾರೋ ಹೇಳಿದರು. ಹಾಗಾಗಿ ‘ಬೀನ್’ ಬೇಕೇ ಬೇಕು: ‘ಹ್ಯಾವಿಂಗ್ ಬೀನ್ ಟೋಲ್ಡ್ ದಟ್ ದ ಗೋಕಾಕ್ ಬಸ್ ಹ್ಯಾಡ್ ಲೆಫ್ಟ್, ರವಿ ಟುಕ್ ಎ ಟ್ಯಾಕ್ಸಿ.’ ‘ಬೀನ್’ ಬಿಟ್ಟರೆ ಸುದ್ದಿ ಹೇಳಿದವನು ರವಿಯೇ ಆಗಿಬಿಡುತ್ತಾನೆ.

ಕಾಮಾ ಆದ ಕೂಡಲೇ ರವಿಯೇ ಬರಬೇಕು. ‘ಎ ಟ್ಯಾಕ್ಸಿ ವಾಸ್ ಟೇಕನ್’ ಎಂದು ಬರೆದರೆ ಸುದ್ದಿ ಕೇಳಿದ್ದು ಟ್ಯಾಕ್ಸಿ ಎಂದಾಗುತ್ತದೆ! ಟ್ಯಾಕ್ಸಿ ಹಿಡಿದದ್ದು ರವಿಯ ಅಪ್ಪನಾಗಿದ್ದರೆ ಈ ರೂಪ ಹೊಂದುವುದಿಲ್ಲ. ಆಗ ‘ಆ್ಯಸ್ ರವಿ ಹ್ಯಾಡ್ ಬೀನ್ ಟೋಲ್ಡ್’ ಎಂದೇ ಶುರುಮಾಡಿ.

‘ಹೇಟ್’, ‘ಎಂಜಾಯ್’ ಬಂದಲ್ಲಿ ‘ಬೀಯಿಂಗ್’ ಸಾಕು. ‘ಹೀ ಹೇಟ್ಸ್ ಇಟ್ ವೆನ್ ಪೀಪಲ್ ಆಸ್ಕ್ ಹಿಮ್ ಅಬೌಟ್ ಹಿಸ್ ಮಾರ್ಕ್ಸ್’ ಎಂಬುದು ‘ಹೀ ಹೇಟ್ಸ್ ಬೀಯಿಂಗ್ ಆಸ್ಕ್ಡ್ ಅಬೌಟ್ ಹಿಸ್ ಮಾರ್ಕ್ಸ್’ ಆಗುತ್ತದೆ. ‘ಇಟ್’, ‘ವೆನ್’, ‘ಪೀಪಲ್’, ‘ಹಿಮ್’ ನಾಲ್ಕೂ ಹೋಗುತ್ತವೆ, ‘ಅಬೌಟ್’ ಮಾತ್ರ ಉಳಿಯಲೇಬೇಕು.