ನಲವತ್ತು ಪುಟದ ಕ್ವಾಂಟಮ್ ಅಧ್ಯಾಯ ಮೂರು ಹಾಳೆಗೆ ಇಳಿಯಿತು

ಕ್ವಾಂಟಮ್ ಮೆಕ್ಯಾನಿಕ್ಸ್ ಅಧ್ಯಾಯವನ್ನು ಮೂರು ಹಾಳೆಗೆ ಇಳಿಸುತ್ತೇನೆ ಅಂದಾಗ ಜೊತೆಯವರು ನಕ್ಕಿದ್ದರು. ಸೂತ್ರದ ಪಟ್ಟಿ ಆಗುತ್ತೆ ಅಷ್ಟೇ, ಅಂದರು. ಮೊದಲ ಎರಡು ಸಲ ಹಾಗೇ ಆಯಿತು ಅನ್ನಿ. ಅದಕ್ಕೂ ಮುಂಚೆ ದುಡ್ಡು ಕೊಟ್ಟು ಎರಡು ಗೈಡ್ ತಂದಿದ್ದೆ. ಪುಸ್ತಕದ ಸಾಲುಗಳನ್ನೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮೊದಲ ಹಾಳೆ ಪಾಸ್ಚುಲೇಟ್‌ಗಳದ್ದು. ಅದಕ್ಕೆ ಒಂದು ಸಂಜೆ ಸಾಕಾಯಿತು. ಎರಡನೆಯದು ಬಾಕ್ಸ್, ಆಸಿಲೇಟರ್, ಹೈಡ್ರೋಜನ್. ಇಲ್ಲಿ ಬಿಡಿಸುವ ದಾರಿಯನ್ನು ಬರೆಯಲೇ ಇಲ್ಲ. ಗೋಡೆಯಲ್ಲಿ ಅಥವಾ ದೂರದಲ್ಲಿ ಏನಾಗಬೇಕು, ಶಕ್ತಿಯ ಮೆಟ್ಟಿಲುಗಳ ನಡುವೆ ಅಂತರ ಹೇಗಿದೆ, ಇವೆರಡೇ. ಬಾಕ್ಸ್‌ನಲ್ಲಿ ಮೇಲೆ ಹೋದಂತೆ ಅಂತರ ಹಿಗ್ಗುತ್ತದೆ, ಆಸಿಲೇಟರ್‌ನಲ್ಲಿ ಸಮ, ಹೈಡ್ರೋಜನ್‌ನಲ್ಲಿ ಕುಗ್ಗುತ್ತದೆ. ಹೈಡ್ರೋಜನ್‌ ಅನ್ನು ನಾಲ್ಕೇ ಸಾಲಿಗೆ ಹೇಗೆ ಇಳಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೈ ಕೊಟ್ಟಿದ್ದು ಮೂರನೆಯ ಹಾಳೆ, ಆಪರೇಟರ್‌ಗಳದ್ದು. "ಆಪರೇಟರ್ ಹಾಕುವುದು ಅಂದರೆ ಅಳತೆ ಮಾಡುವುದು" ಅಂತ ದೊಡ್ಡದಾಗಿ ಬರೆದು ಚೌಕ ಬೇರೆ ಹಾಕಿದ್ದೆ. ಸುಮಾರು ಮೂರು ವಾರ ಅದನ್ನೇ ನಂಬಿಕೊಂಡಿದ್ದೆ.

ತಪ್ಪು ಗೊತ್ತಾಗಿದ್ದು ಒಂದು ಸಣ್ಣ ಲೆಕ್ಕದಲ್ಲಿ. L ಅಗಲದ ಬಾಕ್ಸ್‌ನಲ್ಲಿ ಕಣದ ಸ್ಥಿತಿ ψ = A x(L − x), ಇಲ್ಲಿ A² = 30/L⁵. ಇದಕ್ಕೆ ಶಕ್ತಿಯ ಆಪರೇಟರ್ H ಹಾಕಿದೆ. ಎರಡು ಸಲ ಡಿಫರೆನ್ಶಿಯೇಟ್ ಮಾಡಿದರೆ ಬರುವುದು Hψ = ħ²A/m, ಬರೀ ಸ್ಥಿರಾಂಕ. ಅಳತೆ ಆದ ಮೇಲಿನ ಸ್ಥಿತಿ ಇದೇ ಆಗಿದ್ದರೆ ಕಣ ಗೋಡೆಯ ಮೇಲೂ ಇರಬೇಕು! ಅದು ಆಗದ ಮಾತು. ನಿಜವಾಗಿ ಅಳೆದರೆ ಸ್ಥಿತಿ ಯಾವುದಾದರೂ ಒಂದು ಐಗನ್ ಫಂಕ್ಷನ್‌ಗೆ ಬೀಳುತ್ತದೆ. ಇಲ್ಲಿ ಮೊದಲನೆಯದಕ್ಕೆ ಬೀಳುವ ಸಂಭವ 960/π⁶, ಅಂದರೆ ಹತ್ತಿರ ಹತ್ತಿರ 0.9986. ನಮ್ಮ ಪ್ಯಾರಾಬೋಲಾ ಮೊದಲ ಸೈನ್ ಅಲೆಯನ್ನು ಅಷ್ಟು ಹೋಲುತ್ತದೆ.

ಸರಿ, ಚೌಕ ಹೊಡೆದು ಹಾಕಿದೆ. ಸರಾಸರಿ ಶಕ್ತಿ ತೆಗೆದೆ. 5 ಬಂತು, ħ²/mL² ಅಳತೆಯಲ್ಲಿ. ಕೆಳಗಿನ ಮಟ್ಟ π²/2, ಸುಮಾರು 4.93. ಸರಾಸರಿ ಅದಕ್ಕಿಂತ ಸ್ವಲ್ಪ ಜಾಸ್ತಿ, ಹಾಗೇ ಇರಬೇಕಲ್ವಾ? ಆ ಹುಮ್ಮಸ್ಸಿನಲ್ಲಿ H² ನ ಸರಾಸರಿಗೂ ಕೈ ಹಾಕಿದೆ. ಸ್ಥಿರಾಂಕಕ್ಕೆ ಇನ್ನೊಮ್ಮೆ H ಹಾಕಿದರೆ ಸೊನ್ನೆ. ಹಾಗಾದರೆ ಶಕ್ತಿಯ ಚದರುವಿಕೆ 0 − 25, ಮೈನಸ್ 25! ವರ್ಗಗಳ ಸರಾಸರಿಯಿಂದ ಬರುವ ಸಂಖ್ಯೆ ಮೈನಸ್ ಆದರೆ ದಾರಿ ತಪ್ಪಿದೆ ಅಂತಲೇ ಅರ್ಥ. ಒಂದು ರಾತ್ರಿ ಪೂರ್ತಿ ಕೂಡುವ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಸ್ಥಿರಾಂಕ ಗೋಡೆಯಲ್ಲಿ ಸೊನ್ನೆ ಆಗುವುದಿಲ್ಲ, ಆದ್ದರಿಂದ ಅದಕ್ಕೆ ಎರಡನೆಯ H ಹಾಕುವ ಹಕ್ಕೇ ಇಲ್ಲ. Hψ ಅನ್ನು ಅದರ ಜೊತೆಗೇ ಗುಣಿಸಿ ಇಂಟಿಗ್ರೇಟ್ ಮಾಡಿದರೆ 30 ಬರುತ್ತದೆ, ಚದರುವಿಕೆ 5. ಐಗನ್ ಶಕ್ತಿಗಳ ವರ್ಗಕ್ಕೆ ಸಂಭವ ಗುಣಿಸಿ ಕೂಡಿ ನೋಡಿದೆ, ಅಲ್ಲೂ 30.

ಅಲ್ಲಿಂದ ಮೂರನೆಯ ಹಾಳೆ ಬದಲಾಯಿತು. ಪ್ರತಿ ಆಪರೇಟರ್‌ಗೆ ಎರಡು ಖಾನೆ. ಅಳೆದರೆ ಯಾವ ಅಂಕಿಗಳು ಬರಬಹುದು ಅನ್ನೋದು ಒಂದು. ಅದು ಸ್ಥಿತಿಯನ್ನು ಎತ್ತ ಸರಿಸುತ್ತದೆ ಅನ್ನೋದು ಇನ್ನೊಂದು. p ಸ್ಥಿತಿಯನ್ನು ಜಾಗದಲ್ಲಿ ಸರಿಸುತ್ತದೆ, H ಕಾಲದಲ್ಲಿ ಮುಂದೆ ಒಯ್ಯುತ್ತದೆ, L_z z ಅಕ್ಷದ ಸುತ್ತ ತಿರುಗಿಸುತ್ತದೆ. ಸರಿಸುವ ಕೆಲಸ ಆಗುವುದು ಘಾತಕ್ಕೆ ಏರಿಸಿದಾಗ: a ದೂರ ಸರಿಸಲು exp(−ipa/ħ). ಆಸಿಲೇಟರ್‌ನ ಇಳಿಸುವ ಆಪರೇಟರ್ ಬಂದಾಗ ಮೊದಲ ಖಾನೆ ಖಾಲಿ ಬಿಟ್ಟೆ. ಅದು ಹರ್ಮಿಷಿಯನ್ ಅಲ್ಲ, ಅದನ್ನು ಅಳೆಯುವ ಪ್ರಶ್ನೆ ಇಲ್ಲ. ಒಂದು ħω ಕಿತ್ತುಕೊಳ್ಳುವುದಷ್ಟೇ ಅದರ ಕೆಲಸ. ಆ ಖಾಲಿ ಖಾನೆ ನೋಡಿದರೆ ನನಗೆ ಈಗಲೂ ಖುಷಿ.

ನಡುವೆ ಬಣ್ಣದ ಪೆನ್ನು, ಚಿಕ್ಕ ಕಾರ್ಡು ಎಲ್ಲ ಪ್ರಯತ್ನ ಪಟ್ಟೆ. ಸುಮ್ನೆ ಖರ್ಚು. ಕಾರ್ಡು ಕಲೆಸಿಹೋದರೆ ಯಾವ ಆಪರೇಟರ್ ಯಾವ ಬಾಕ್ಸ್‌ನದ್ದು ಅನ್ನೋದೇ ತಿಳಿಯುತ್ತಿರಲಿಲ್ಲ.

ನಕ್ಕವರಲ್ಲಿ ಒಬ್ಬರು ಕೊನೆಗೆ ಪರೀಕ್ಷೆಗೆ ಇಳಿದರು. ಕಣ ಕೆಳಗಿನ ಮಟ್ಟದಲ್ಲಿದೆ, ಗೋಡೆಯನ್ನು ತಟ್ಟನೆ ಎಳೆದು ಬಾಕ್ಸ್ ಎರಡರಷ್ಟು ಅಗಲ ಮಾಡಿದೆ, ಈಗ ಶಕ್ತಿ ಅಳೆದರೆ? ಪುಸ್ತಕ ಮುಟ್ಟಲಿಲ್ಲ. ತಟ್ಟನೆ ಅಂದರೆ ಸ್ಥಿತಿ ಹಾಗೇ ಉಳಿಯುತ್ತದೆ, ಹೊಸ ಐಗನ್ ಫಂಕ್ಷನ್‌ಗಳ ಜೊತೆ ಗುಣಿಸಿ ನೋಡಿದರಾಯಿತು. ಹೊಸ ಮೊದಲ ಮಟ್ಟಕ್ಕೆ 32/9π², ಸುಮಾರು 0.36. ಎರಡನೆಯದಕ್ಕೆ ಸರಿಯಾಗಿ ಅರ್ಧ. ಮೊದಲನೆಯದೇ ಜಾಸ್ತಿ ಇರಬೇಕಲ್ಲ, ಅಂದರು ಅವರು. ಹೊಸ ಎರಡನೆಯ ಮಟ್ಟದ ಶಕ್ತಿಯೇ ಹಳೆಯ ಮೊದಲನೆಯದು ಅಂತ ಎರಡನೆಯ ಹಾಳೆ ತಿರುಗಿಸಿ ತೋರಿಸಿದೆ. ಮರುದಿನ ಮೂರೂ ಹಾಳೆ ಜೆರಾಕ್ಸ್ ಮಾಡಿಸಿಕೊಂಡು ಹೋದರು.