ಪ್ರತಿ ಮನೆಗೂ ಅದರದೇ ಅಂತರ: ನಮ್ಮ ಅಂಗಡಿಯ ಆರ್‌ಎಫ್‌ಎಂ ಸರಿಹೋದ ಬಗೆ

ಕಳೆದ ದೀಪಾವಳಿಯ ಹೊತ್ತಿಗೆ ಅಂಗಡಿಗೆ ಬಂದ ನನ್ನ ಭಾವ ಕೇಳಿದರು: "ಎರಡು ವರ್ಷದಿಂದ ಈ ಲೆಕ್ಕ ಹಾಕುತ್ತಿದ್ದೀಯಲ್ಲ ಮಾರಾಯ, ಅದರಿಂದ ಒಂದು ಮೂಟೆ ಅಕ್ಕಿಯಾದರೂ ಹೆಚ್ಚು ಹೋಯಿತಾ?" ಅವರು ಕೇಳಿದ್ದು ಆರ್‌ಎಫ್‌ಎಂ ಲೆಕ್ಕವನ್ನು: ಗಿರಾಕಿ ಕೊನೆಗೆ ಕೊಂಡದ್ದು ಯಾವಾಗ, ಎಷ್ಟು ಸಲ, ಎಷ್ಟು ಹಣಕ್ಕೆ ಎಂದು ನೋಡಿ ಅಂಕ ಕೊಡುವುದು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇದೆ. ಇದೇ ಕೆಲಸ ಮಾಡುತ್ತಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರಿನ ರಥಬೀದಿಯ ಹತ್ತಿರದ ಸಣ್ಣ ಅಂಗಡಿ. ಕೋರಿ ರೊಟ್ಟಿ, ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಗೇರುಬೀಜ ಇತ್ಯಾದಿ. ಬೆಂಗಳೂರು, ಮೈಸೂರು, ಮುಂಬೈ ಕಡೆ ನೆಲೆಸಿದ ಊರಿನವರಿಗೆ ಪಾರ್ಸೆಲ್ ಕಳುಹಿಸುವುದೇ ವ್ಯಾಪಾರದ ಮುಕ್ಕಾಲು ಪಾಲು. ಮೂರು ವರ್ಷಗಳ ಆರ್ಡರ್ ಪಟ್ಟಿ ಇಳಿಸಿಕೊಂಡಾಗ ಸುಮಾರು 11,000 ಸಾಲುಗಳಿದ್ದವು.

ಮೊದಲ ಒದ್ದಾಟ ಯಾರು ಒಬ್ಬ ಗಿರಾಕಿ ಎಂಬುದು. ಮೊಬೈಲ್ ಸಂಖ್ಯೆ ಹಿಡಿದರೆ 4,600 ಜನ. ಆದರೆ ಗಂಡ ಒಮ್ಮೆ, ಹೆಂಡತಿ ಒಮ್ಮೆ ಆರ್ಡರ್ ಮಾಡುತ್ತಾರೆ. ದುಬೈಯಲ್ಲಿರುವ ಮಗ ಹಣ ಕಟ್ಟುತ್ತಾನೆ, ಸಾಮಾನು ಬೆಂಗಳೂರಿನ ಅಮ್ಮನ ಮನೆಗೆ ಹೋಗುತ್ತದೆ. ಕೊನೆಗೆ ಹಣ ಕಟ್ಟಿದವರನ್ನು ಬಿಟ್ಟು ಸಾಮಾನು ತಲುಪುವ ವಿಳಾಸವನ್ನೇ ಮನೆಯೆಂದು ಹಿಡಿದೆ. ಪಿನ್‌ಕೋಡ್ ಮತ್ತು ಬಾಗಿಲ ಸಂಖ್ಯೆ ಸೇರಿಸಿ ಹೊಂದಿಸಿದಾಗ 3,400 ಮನೆಗಳಾದವು. ಮರಳಿ ಬಂದ ಪಾರ್ಸೆಲ್‌ಗಳನ್ನೂ ಆಗಲೇ ತೆಗೆದುಹಾಕಿದೆ. ತಲುಪಿದಾಗ ಹಣ ಕೊಡುತ್ತೇನೆಂದು ಹೇಳಿ ಬಾಗಿಲು ತೆರೆಯದವರು ಅಷ್ಟು ದಿನ ಒಳ್ಳೆಯ ಗಿರಾಕಿಗಳ ಪಟ್ಟಿಯಲ್ಲಿ ಕುಳಿತಿದ್ದರು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಕೊನೆಯ ಆರ್ಡರ್ ಆಗಿ ಎಷ್ಟು ದಿನ, ಒಟ್ಟು ಎಷ್ಟು ಆರ್ಡರ್, ಒಟ್ಟು ಎಷ್ಟು ಹಣ ಎಂದು ಮೂರು ಅಂಕಣ ಮಾಡಿ, ಪ್ರತಿಯೊಂದನ್ನೂ ಐದು ಸಮಪಾಲು ಮಾಡಿ 1ರಿಂದ 5ರವರೆಗೆ ಅಂಕ ಕೊಡುವುದು. ಪೈಥಾನಿನಲ್ಲಿ ಹೀಗೆ ಪಾಲು ಮಾಡುವ `pd.qcut` ಓಡಿಸಿದ ಕೂಡಲೇ `ValueError: Bin edges must be unique` ಎಂದು ನಿಂತಿತು. 3,400 ಮನೆಗಳಲ್ಲಿ 1,900ರಷ್ಟು ಒಂದೇ ಸಲ ಕೊಂಡವರು. ಅರ್ಧಕ್ಕಿಂತ ಹೆಚ್ಚು ಜನರ ಸಂಖ್ಯೆ ಒಂದೇ ಆಗಿದ್ದರೆ ಐದು ಪಾಲಿನ ಗಡಿ ಎಲ್ಲಿಂದ ಬರಬೇಕು? ಎಲ್ಲರೂ ಹೇಳಿಕೊಡುವ ಪರಿಹಾರವೊಂದಿದೆ: ಮೊದಲು `rank(method="first")` ಹಾಕಿ ಆಮೇಲೆ ಪಾಲು ಮಾಡುವುದು. ನಾನೂ ಹಾಗೆಯೇ ಮಾಡಿದೆ, ಕೋಡ್ ಓಡಿತು, ಖುಷಿಪಟ್ಟೆ.

ಇದು ನನ್ನ ಆರು ತಿಂಗಳು ತಿಂದ ತಪ್ಪು. ಆ ಸಾಲು ಸಮಾನರನ್ನು ಕಡತದಲ್ಲಿ ಅವರು ಇರುವ ಕ್ರಮದಲ್ಲಿ ಬೇರ್ಪಡಿಸುತ್ತದೆ. ಒಂದೇ ಸಲ ಕೊಂಡ 1,900 ಮನೆಗಳಲ್ಲಿ ಮೊದಲ 680ಕ್ಕೆ 1, ನಂತರದ 680ಕ್ಕೆ 2, ಉಳಿದವರಿಗೆ 3 ಅಂಕ ಬಂತು. ನನ್ನ ಕಡತ ವಿಳಾಸದ ಪ್ರಕಾರ ಜೋಡಿಸಿದ್ದು. ಅಂದರೆ ಪಿನ್‌ಕೋಡ್ ದೊಡ್ಡದಿದ್ದವರು ಹೆಚ್ಚು ಸಲ ಕೊಂಡವರೆನಿಸಿಕೊಂಡಿದ್ದರು. ಮುಂಬೈಯ ಪಿನ್‌ಕೋಡ್ 4ರಿಂದ ಶುರುವಾಗುತ್ತದೆ, ಬೆಂಗಳೂರಿನದು 5ರಿಂದ. ಬೆಂಗಳೂರಿನವರೇ ನಮ್ಮನ್ನು ಹೆಚ್ಚು ಹಚ್ಚಿಕೊಂಡವರು ಎಂದು ನಾನು ಮನೆಮಂದಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಪತ್ತೆಯಾದದ್ದು ಕಡತವನ್ನು ಬೇರೆ ಕ್ರಮದಲ್ಲಿ ಜೋಡಿಸಿ ಮತ್ತೆ ಓಡಿಸಿದಾಗ. ನೂರಾರು ಮನೆಗಳ ಅಂಕ ಬದಲಾಯಿತು. ನಿಮ್ಮದನ್ನೂ ಒಮ್ಮೆ ಕಲಸಿ ಓಡಿಸಿ ನೋಡಿ, ಅಂಕ ಕದಲಬಾರದು. ಈಗ ನಾನು ಗಡಿಗಳನ್ನು ಕೈಯಿಂದಲೇ ಹಾಕುತ್ತೇನೆ: 1, 2, 3-4, 5-9, 10 ಮತ್ತು ಮೇಲೆ. ಪಾಲುಗಳು ಸಮ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಇನ್ನು ಹಣದ ವಿಷಯ. ಮೂರು ಅಂಕಗಳ ಪಟ್ಟಿ ನಂಬಿ, ಗಣೇಶ ಚೌತಿಗೆ ಮೊದಲು 3,400 ಮನೆಗಳಿಗೂ ಶೇ. 15 ರಿಯಾಯಿತಿಯ ಸಂದೇಶ ಕಳುಹಿಸಿದೆ. ಸುಮಾರು 140 ಆರ್ಡರ್ ಬಂದವು, ಸರಾಸರಿ 900 ರೂಪಾಯಿ. ಒಂದೂಕಾಲು ಲಕ್ಷದ ವ್ಯಾಪಾರ ಎಂದು ಅಂಗಡಿಯಲ್ಲಿ ಸಿಹಿ ಹಂಚಿದೆವು. ನಮ್ಮ ಲೆಕ್ಕಪತ್ರ ನೋಡುವವರು ಮಾತ್ರ ತಲೆಯಾಡಿಸಿ, "ಇವರಲ್ಲಿ ಹೇಗೂ ಬರುವವರು ಎಷ್ಟು?" ಎಂದು ಕೇಳಿದ್ದರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರ ಮನೆಯ ನಾಲ್ಕು ಆರ್ಡರ್‌ಗಳನ್ನು ಎದುರಿಗಿಟ್ಟುಕೊಂಡು ಕುಳಿತೆ. ನಡುವಿನ ಅಂತರ 171, 188, 165 ದಿನ. ಸಂದೇಶ ಕಳುಹಿಸಿದ ದಿನ ಅವರ ಕೊನೆಯ ಆರ್ಡರ್ ಆಗಿ 158 ದಿನವಾಗಿತ್ತು. ನನ್ನ ಪಟ್ಟಿ ಅವರನ್ನು 'ಜಾರುತ್ತಿರುವವರು' ಎಂದು ಕರೆದಿತ್ತು. ಅವರು ಎಲ್ಲಿಗೂ ಜಾರಿರಲಿಲ್ಲ, ಆರು ತಿಂಗಳಿಗೊಮ್ಮೆ ತರಿಸುವವರು. ಎರಡು ವಾರದಲ್ಲಿ 2,400 ರೂಪಾಯಿಯ ಆರ್ಡರ್ ಮಾಡಿದರು, ನನ್ನ 360 ರೂಪಾಯಿ ಸುಮ್ಮನೆ ಹೋಯಿತು.

ಇದಕ್ಕೆ ತದ್ವಿರುದ್ಧ ಮುಂಬೈ ಪಕ್ಕದ ಡೊಂಬಿವಿಲಿಯ ಒಂದು ಮನೆ. ಅಂತರಗಳು 38, 44, 41, 12, 47, 40 ದಿನ. ಕೊನೆಯ ಆರ್ಡರ್ ಆಗಿ 96 ದಿನ. 70ರಿಂದ 150 ದಿನದವರಿಗೆಲ್ಲ ನನ್ನ ಪಟ್ಟಿಯಲ್ಲಿ 4 ಅಂಕ, ಹಾಗಾಗಿ ಅವರು 'ಒಳ್ಳೆಯ ಗಿರಾಕಿ'. ನಿಜವಾಗಿ ನಲವತ್ತು ದಿನಕ್ಕೊಮ್ಮೆ ರೊಟ್ಟಿ ತರಿಸುತ್ತಿದ್ದ ಮನೆ ಎರಡು ಸರದಿ ತಪ್ಪಿಸಿತ್ತು.

ಅಲ್ಲಿಂದ ದಿನ ಎಣಿಸುವುದನ್ನು ಬಿಟ್ಟೆ. ಪ್ರತಿ ಮನೆಯ ಅಂತರಗಳ ನಡುವಿನ ಸಂಖ್ಯೆ, ಅಂದರೆ ಮಧ್ಯಾಂಕ ತೆಗೆದು, ಕೊನೆಯ ಆರ್ಡರ್‌ನಿಂದ ಕಳೆದ ದಿನಗಳನ್ನು ಅದರಿಂದ ಭಾಗಿಸುತ್ತೇನೆ. ಬಂದ ಸಂಖ್ಯೆಯೇ ಆ ಮನೆಯ ತಡ. ಮೇಷ್ಟ್ರದ್ದು 158ಕ್ಕೆ 171, ಅಂದರೆ 0.92. ಡೊಂಬಿವಿಲಿಯದು 96ಕ್ಕೆ 40.5, ಅಂದರೆ 2.4 ಹತ್ತಿರ. ಸರಾಸರಿ ಬೇಡ. ನೆಂಟರು ಬಂದರೆಂದು 12 ದಿನಕ್ಕೇ ಮಾಡಿದ ಒಂದು ಆರ್ಡರ್ ಸರಾಸರಿಯನ್ನು ಎಳೆದುಬಿಡುತ್ತದೆ. ಮರೆತ ಸಾಮಾನಿಗೆಂದು ಐದು ದಿನದೊಳಗೆ ಮಾಡಿದ ಆರ್ಡರ್ ಅಂತರವೇ ಅಲ್ಲ.

```python
o = o[o.status == "delivered"]
d = o.drop_duplicates(["house", "day"]).sort_values(["house", "day"])
d["gap"] = d.groupby("house")["day"].diff().dt.days
usual = d[d.gap > 5].groupby("house")["gap"].median()
last = d.groupby("house")["day"].max()
late = (today - last).dt.days / usual
```

ಹಣದ ಮೊತ್ತವನ್ನು ಪೂರ್ತಿ ಆರ್ಡರ್ ಪಟ್ಟಿಯಾದ `o`ದಿಂದಲೇ ಕೂಡಿಸಬೇಕು, `d`ಯಿಂದ ಅಲ್ಲ. ಒಂದೇ ದಿನದ ಎರಡನೆಯ ಬಿಲ್ಲು `d`ಯಲ್ಲಿ ಇರುವುದಿಲ್ಲ. ಈ ತಪ್ಪನ್ನೂ ನಾನು ಮಾಡಿ ಮುಗಿಸಿದ್ದೇನೆ.

ಇದರ ಮಿತಿ ಸ್ಪಷ್ಟವಾಗಿದೆ. ಕನಿಷ್ಠ ಮೂರು ಅಂತರ, ಅಂದರೆ ನಾಲ್ಕು ಆರ್ಡರ್ ಇಲ್ಲದ ಮನೆಗೆ ಈ ಸಂಖ್ಯೆಯನ್ನು ನಂಬುವಂತಿಲ್ಲ. ಎರಡು ಮೂರು ಸಲ ಕೊಂಡವರಿಗೆ ಅವರು ಕೊಂಡ ಮುಖ್ಯ ಸಾಮಾನಿನ ಅಂತರವನ್ನು ಸಾಲವಾಗಿ ಕೊಡುತ್ತೇನೆ. ನಮ್ಮಲ್ಲಿ ಎಣ್ಣೆ, ರೊಟ್ಟಿಯದು ಒಂದೂವರೆ ತಿಂಗಳು, ಹಲಸಿನ ಹಪ್ಪಳದ್ದು ಹತ್ತಿರ ಹತ್ತಿರ ಒಂದು ವರ್ಷ. ಬೇಸಿಗೆಯಲ್ಲಿ ಹೊಸ ಹಪ್ಪಳ ಬಂದಾಗ ಒಟ್ಟಿಗೆ ತರಿಸಿಟ್ಟುಕೊಂಡು ಆಟಿ ತಿಂಗಳ ಮಳೆಯಲ್ಲಿ ಕರಿದು ತಿನ್ನುವವರನ್ನು ಡಿಸೆಂಬರಿನಲ್ಲಿ ಕಳೆದುಹೋದವರೆಂದು ಅಳುವುದರಲ್ಲಿ ಅರ್ಥವಿಲ್ಲ. ಒಂದೇ ಸಲ ಕೊಂಡವರ ಮೊದಲ ಬುಟ್ಟಿ ನೋಡಿ ಅವರು ಮರಳುವರೋ ಇಲ್ಲವೋ ಎಂದು ಹೇಳುವ ಒಂದು ಗುರುತು ನನಗೆ ಸಿಕ್ಕಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಎರಡು ವರ್ಷದ ದುಡಿಮೆ ಅದು.

ಈ ಅಳತೆ ಹಿಡಿದು ಹಳೆಯ 140 ಆರ್ಡರ್‌ಗಳನ್ನು ಮತ್ತೆ ನೋಡಿದೆ. ಅದರಲ್ಲಿ ತೊಂಬತ್ತರಷ್ಟು ಮನೆಗಳು 1.2ರ ಒಳಗಿದ್ದವು, ಹೇಗೂ ಬರುವವರೇ. ಅವರಿಗೆ ಬಿಟ್ಟ 12,000 ರೂಪಾಯಿ ಪೂರ್ತಿ ನಷ್ಟ. ಉಳಿದ ಐವತ್ತು ಆರ್ಡರ್‌ಗಳಲ್ಲಿ ನಾಲ್ಕು ಭಾಗಕ್ಕೆ ಒಂದು ಭಾಗ ಲಾಭ ಹಿಡಿದು ರಿಯಾಯಿತಿ ಕಳೆದರೆ 4,500 ಉಳಿಯಿತು. ಸಿಹಿ ಹಂಚಿದ ದಿನ ನಾವು ಏಳೂವರೆ ಸಾವಿರ ಕಳೆದುಕೊಂಡಿದ್ದೆವು.

ಮುಂದಿನ ಸಲ ರಿಯಾಯಿತಿ ಇಲ್ಲ, ಬರೀ ಫೋನು. 1.5ರಿಂದ 3ರ ನಡುವಿನ 420 ಮನೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದೆ. 210 ಮನೆಗೆ ಕರೆ, 210 ಮನೆಗೆ ಏನೂ ಇಲ್ಲ. ಸುಮ್ಮನೆ ಬಿಟ್ಟ ಗುಂಪನ್ನು ಕಂಡು ಭಾವನಿಗೆ ಸಿಟ್ಟು ಬಂತು: "ಅರ್ಧ ಗಿರಾಕಿಗಳನ್ನು ಬೇಕೆಂದೇ ಬಿಡುತ್ತೀಯಾ?" ಬಿಡದಿದ್ದರೆ ಕರೆಯಿಂದ ಏನಾಯಿತೆಂದು ತಿಳಿಯುವ ದಾರಿಯೇ ಇಲ್ಲ. ಒಂದು ತಿಂಗಳಲ್ಲಿ ಕರೆ ಮಾಡಿದ ಗುಂಪಿನಿಂದ 38, ಬಿಟ್ಟ ಗುಂಪಿನಿಂದ 19 ಮನೆಗಳು ಆರ್ಡರ್ ಮಾಡಿದವು. ಹೆಚ್ಚು ಬಂದದ್ದು 19, ತಲಾ 225 ರೂಪಾಯಿ ಲಾಭದಂತೆ 4,275. ಒಂದು ಕರೆಗೆ ಸಂಬಳ ಸೇರಿ 15 ರೂಪಾಯಿಯಂತೆ ಖರ್ಚು 3,150. ಹದಿನೈದು ಮನೆಗೆ ಒಂದು ಮನೆ ಹೆಚ್ಚು ಬಂದರೆ ಕರೆಯ ಖರ್ಚು ಹುಟ್ಟುತ್ತದೆ, ನಮಗೆ ಹನ್ನೊಂದಕ್ಕೆ ಒಂದು ಬಂತು. 3ಕ್ಕಿಂತ ಮೇಲಿನವರಲ್ಲೂ ಇದನ್ನೇ ಮಾಡಿ ನೋಡಿದೆ, ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಆ ಕರೆಗಳನ್ನು ನಿಲ್ಲಿಸಿದ್ದೇನೆ.

ಡೊಂಬಿವಿಲಿಗೆ ನಾನೇ ಫೋನ್ ಮಾಡಿದ್ದೆ. ಆ ಅಕ್ಕ ಮೊದಲು ಏನೂ ಹೇಳಲಿಲ್ಲ. "ಊರಿನ ಅಂಗಡಿ, ಹೇಳಿ ಯಾಕೆ ಬೇಸರ ಮಾಡುವುದು ಎಂದು ಸುಮ್ಮನಾದೆ. ಕಳೆದ ಸಲ ರೊಟ್ಟಿ ಪೂರ್ತಿ ಪುಡಿಯಾಗಿತ್ತು, ಕೋಳಿ ಸಾರಿಗೆ ಪುಡಿಯನ್ನೇ ಹಾಕಿಕೊಂಡು ಉಂಡೆವು" ಎಂದರು. ಆ ತಿಂಗಳು ನಾವು ಪೆಟ್ಟಿಗೆಯ ರಟ್ಟನ್ನು ತೆಳ್ಳಗೆ ಮಾಡಿದ್ದೆವು. ಪಟ್ಟಿ ತೆಗೆದು ನೋಡಿದರೆ, ತಡವಾದ ಮುಂಬೈ ಮನೆಗಳಲ್ಲಿ ಬಹುಪಾಲಿನ ಕೊನೆಯ ಆರ್ಡರ್‌ನಲ್ಲಿ ರೊಟ್ಟಿ ಇತ್ತು. ಪೆಟ್ಟಿಗೆಗೆ ಒಂಬತ್ತು ರೂಪಾಯಿ ಹೆಚ್ಚು ಕೊಟ್ಟು ಹಳೆಯ ರಟ್ಟಿಗೇ ಮರಳಿದೆವು.

ಇದರಿಂದ ಇನ್ನೊಂದು ಪ್ರಯೋಗ ಹುಟ್ಟಿತು. 3ರ ಒಳಗಿನ ಎಲ್ಲ ಮನೆಗಳ ತಡದ ಮಧ್ಯಾಂಕವನ್ನು ಪ್ರತಿ ಸೋಮವಾರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಶುರುಮಾಡಿದೆ. ಸಾಮಾನ್ಯವಾಗಿ 0.7ರ ಆಸುಪಾಸು. ಒಂದು ಜುಲೈಯಲ್ಲಿ ಅದು 1.1ಕ್ಕೆ ಏರಿತು. ಒಬ್ಬಿಬ್ಬರು ತಡ ಮಾಡಿದರೆ ಅದು ಅವರ ಮನೆಯ ಸಂಗತಿ, ಎಲ್ಲರೂ ಒಟ್ಟಿಗೆ ತಡ ಮಾಡಿದರೆ ಅದು ನಮ್ಮದು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬೆಂಗಳೂರಿನ ಪಾರ್ಸೆಲ್‌ಗಳು ಸುತ್ತು ಬಳಸಿ ಹೋಗುತ್ತಿದ್ದವು, ಜನ ಕೈಕಟ್ಟಿ ಕಾಯುತ್ತಿದ್ದರು. ಆ ವಾರ ಯಾರಿಗೂ ಕರೆ ಮಾಡಲಿಲ್ಲ. ದಾರಿ ತೆರೆದ ದಿನ ಎಲ್ಲರಿಗೂ ಒಂದು ಸಾಲಿನ ಸಂದೇಶ ಹೋಯಿತು, ಸಂಖ್ಯೆ ಎರಡೇ ವಾರದಲ್ಲಿ ಇಳಿಯಿತು.

ಖರ್ಚು ಮಾಡಿದ ಹಣದ ಅಂಕದಲ್ಲಿ ನನಗೆ ಇನ್ನೂ ಸಮಾಧಾನವಿಲ್ಲ. ಗೇರುಬೀಜ ಕೊಳ್ಳುವವರು ಬಿಲ್ಲಿನಲ್ಲಿ ಮೇಲಿದ್ದಾರೆ, ಆದರೆ ಅದರಲ್ಲಿ ನಮಗೆ ಉಳಿಯುವುದು ನೂರಕ್ಕೆ ಎಂಟು ರೂಪಾಯಿ. ಹಪ್ಪಳದಲ್ಲಿ ಮೂವತ್ತೈದು. ಬಿಲ್ಲಿನ ಬದಲು ಉಳಿಕೆಯನ್ನೇ ಕೂಡಿಸಿ ನೋಡಿದರೆ ಮೇಲಿನ ನೂರು ಮನೆಗಳಲ್ಲಿ ನಲವತ್ತು ಬದಲಾಗುತ್ತವೆ. ಖರೀದಿ ದರ ವರ್ಷದಲ್ಲಿ ನಾಲ್ಕು ಸಲ ಏರಿಳಿಯುವುದರಿಂದ ಹಳೆಯ ಬಿಲ್ಲುಗಳಿಗೆ ಆಯಾ ದಿನದ ದರ ಕೂರಿಸುವ ಕೆಲಸ ಬಾಕಿಯಿದೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ದಿನಕ್ಕೆ ಒಂದು ತಿಂಗಳಿನಷ್ಟು ಮುಗಿಸುತ್ತಿದ್ದೇನೆ.

ಮೊನ್ನೆ ಭಾವ ಮತ್ತೆ ಬಂದಿದ್ದರು. ಗೋಡೆಯ ಕ್ಯಾಲೆಂಡರ್ ನೋಡಿ, ತಮ್ಮ ಸುರತ್ಕಲ್ಲಿನ ಬಟ್ಟೆ ಅಂಗಡಿಯ ಬಿಲ್ಲುಗಳನ್ನು ತಂದುಕೊಟ್ಟರೆ ಇದೇ ಲೆಕ್ಕ ಹಾಕಿಕೊಡುವೆಯಾ ಎಂದು ಕೇಳಿದರು. ಸೀರೆಗೆ ನಲವತ್ತು ದಿನದ ಅಂತರ ಇರುವುದಿಲ್ಲ, ಮದುವೆ ಬಂದರೆ ಮೂರು ದಿನ ಸತತ ಬರುತ್ತಾರೆ, ಆಮೇಲೆ ವರ್ಷ ಕಾಣುವುದಿಲ್ಲ. ಬಿಲ್ಲು ತನ್ನಿ, ನೋಡೋಣ ಎಂದಿದ್ದೇನೆ.