ವಾರ್ಷಿಕೋತ್ಸವದ ಸ್ಟೇಜ್: ಅಗಲ ಎಷ್ಟು, ಆಳ ಎಷ್ಟು?

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ಟೇಜ್ ಹಾಕಿಸುವ ಹೊಣೆ ನನ್ನದು. ಶಾಮಿಯಾನದವರು ಮೊದಲು ಕೇಳುವುದು, "ಎಷ್ಟು ಚದರಡಿ ಬೇಕು ಸರ್?" ಬಾಡಿಗೆ ಲೆಕ್ಕಕ್ಕೆ ಅದು ಸಾಕು. ಕುಣಿಯುವ ಮಕ್ಕಳಿಗೆ ಸಾಲದು. 40 ಅಡಿ ಅಗಲ, 12 ಅಡಿ ಆಳದ ಸ್ಟೇಜೂ 480 ಚದರಡಿ, 24 ಅಡಿ ಅಗಲ, 20 ಅಡಿ ಆಳದ್ದೂ ಅಷ್ಟೇ. ಮೊದಲನೆಯದರಲ್ಲಿ ಕೋಲಾಟದ ಸುತ್ತು ನಿಲ್ಲುವುದೇ ಇಲ್ಲ. ಹಾಗಾಗಿ ನಾನು ಅಗಲವನ್ನೂ ಆಳವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತೇನೆ. ಆಳ ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ.

ಕಾರ್ಯಕ್ರಮದ ಪಟ್ಟಿ ಹಿಡಿದು ಕೂತರೆ ಹೆಚ್ಚಿನವನ್ನು ಆಗಲೇ ಬದಿಗಿಡಬಹುದು. ಸಮೂಹಗಾನದ ಮಕ್ಕಳು ನಿಂತಲ್ಲೇ ಹಾಡುತ್ತಾರೆ, ಒಬ್ಬರಿಗೆ 2 ಅಡಿ ಸಾಕು. ನಾಟಕದಲ್ಲಿ ಒಂದು ಸಲಕ್ಕೆ ಐದಾರು ಜನಕ್ಕಿಂತ ಜಾಸ್ತಿ ಇರುವುದಿಲ್ಲ. ಕಳೆದ ವರ್ಷ ಕೊನೆಗೆ ಉಳಿದದ್ದು ಎರಡೇ: 18 ಮಕ್ಕಳ ಜಾನಪದ ನೃತ್ಯ, 16 ಮಕ್ಕಳ ಕೋಲಾಟ.

ನೃತ್ಯದ ತಂಡದಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿಯನ್ನು ಕರೆದು, ಎರಡೂ ಕೈ ಚಾಚಲು ಹೇಳಿ ಟೇಪು ಹಿಡಿದೆ. ಬೆರಳ ತುದಿಯಿಂದ ತುದಿಗೆ 4 ಅಡಿ 8 ಇಂಚು. ಚಾಚಿದ ಕೈಯಳತೆ ಹೆಚ್ಚುಕಡಿಮೆ ಮಗುವಿನ ಎತ್ತರದಷ್ಟೇ ಇರುತ್ತದೆ. ಪಕ್ಕದವರ ಕೈ ತಾಗದಿರಲಿ ಅಂತ ಒಬ್ಬರಿಗೆ 5 ಅಡಿ ಅಗಲ ಇಟ್ಟುಕೊಂಡೆ.

ಟೀಚರ್ ಮಕ್ಕಳನ್ನು ಆರಾರರಂತೆ ಮೂರು ಸಾಲು ನಿಲ್ಲಿಸಿದ್ದರು. ಆರು ಜನಕ್ಕೆ 30 ಅಡಿ. ಆದರೆ ಈ ನೃತ್ಯದಲ್ಲಿ ಎಲ್ಲರೂ ಒಟ್ಟಿಗೆ ಎರಡು ಹೆಜ್ಜೆ ಬಲಕ್ಕೆ, ಮತ್ತೆ ಜಾಗಕ್ಕೆ ಬಂದು ಎರಡು ಹೆಜ್ಜೆ ಎಡಕ್ಕೆ ಹೋಗುತ್ತಾರೆ. ಮಕ್ಕಳ ಹೆಜ್ಜೆ ಸುಮಾರು ಒಂದೂವರೆ ಅಡಿ. ಅಂದರೆ ಆಚೆಗೊಂದು ಈಚೆಗೊಂದು 3 ಅಡಿ ಜಾಗ ಖಾಲಿ ಬೇಕು, ಒಟ್ಟು 36 ಅಡಿ. ನಮ್ಮ ಅಂಗಳದಲ್ಲಿ ಅಷ್ಟು ಅಗಲ ಸಿಗುವುದಿಲ್ಲ. ಟೀಚರ್ ಜೊತೆ ಕೂತು ಸಾಲನ್ನು 5, 4, 5, 4 ಮಾಡಿಸಿದೆ. ಐದು ಜನಕ್ಕೆ 25 ಅಡಿ, ಎರಡೂ ಬದಿಗೆ ಮೂರೂವರೆ ಅಡಿ. 32 ಅಡಿಯಲ್ಲಿ ಕೂತಿತು. ನಾಲ್ಕು ಜನರ ಸಾಲು ಐದರ ಸಾಲಿನ ಸಂದಿಯಲ್ಲಿ ನಿಲ್ಲುವುದರಿಂದ ಹಿಂದಿನ ಮಕ್ಕಳ ಮುಖವೂ ಅಪ್ಪ ಅಮ್ಮಂದಿರಿಗೆ ಕಾಣುತ್ತದೆ. ಆಳಕ್ಕೆ ಸಾಲಿಗೆ 4 ಅಡಿಯಂತೆ 16 ಅಡಿ.

ಕೋಲಾಟದ ಲೆಕ್ಕವೇ ಬೇರೆ. ಒಳಸುತ್ತಿನಲ್ಲಿ ಎಂಟು, ಹೊರಸುತ್ತಿನಲ್ಲಿ ಎಂಟು, ಜೋಡಿ ಜೋಡಿಯಾಗಿ ಎದುರುಬದುರು. ಕೋಲು ಬೀಸಲು ಒಳಸುತ್ತಿನ ಒಬ್ಬರಿಗೆ ಮೂರೂವರೆ ಅಡಿ ಕೊಟ್ಟರೆ ಸುತ್ತಳತೆ 28 ಅಡಿ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 9 ಅಡಿ. ಜೋಡಿಯ ನಡುವೆ 3 ಅಡಿ ಇರುವುದರಿಂದ ಹೊರಸುತ್ತು 15 ಅಡಿ. ಹೊರಗಿನವರ ಬೆನ್ನ ಹಿಂದೆ ಒಂದೂವರೆ ಅಡಿಯಂತೆ ಸೇರಿಸಿದರೆ 18. ಸುತ್ತು ದುಂಡಗಿರುವುದರಿಂದ ಆಳವೂ ಅಷ್ಟೇ ಬೇಕು.

ಹೀಗೆ ಅಗಲವನ್ನು ನೃತ್ಯ ತೀರ್ಮಾನಿಸಿತು, ಆಳವನ್ನು ಕೋಲಾಟ. ಆದರೆ ಹಾಕಿಸಿದ ಆಳವೆಲ್ಲ ಕುಣಿಯಲು ಸಿಗುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಹಿಂಪರದೆಗೂ ಅದರ ಮುಂದೆ ಮಕ್ಕಳು ಓಡಾಡುವುದಕ್ಕೂ 3 ಅಡಿ ಹೋಗುತ್ತದೆ. ಮುಂದಿನ ಅಂಚಿನಲ್ಲಿ 3 ಅಡಿ ಬಿಡಲೇಬೇಕು, ಯಾಕೆಂದರೆ ಮಕ್ಕಳು ಕುಣಿಯುತ್ತಾ ತಿಳಿಯದೆಯೇ ಮುಂದಕ್ಕೆ ಬರುತ್ತಾರೆ. 18ಕ್ಕೆ 6 ಕೂಡಿಸಿ 24. ಶಾಮಿಯಾನದವರ ಪ್ಲೈವುಡ್ 8 ಅಡಿಗೆ 4 ಅಡಿಯದ್ದು. 32 ಅಡಿ ಅಗಲಕ್ಕೆ ನಾಲ್ಕು, 24 ಅಡಿ ಆಳಕ್ಕೆ ಆರು, ಒಟ್ಟು 24 ಹಲಗೆ. ಒಂದನ್ನೂ ಕತ್ತರಿಸಬೇಕಿಲ್ಲ.

16 ಅಡಿ ಆಳದ ಸ್ಟೇಜ್ ಮಾತ್ರ ಸಿಕ್ಕರೆ? ಕುಣಿಯಲು ಉಳಿಯುವುದು 10 ಅಡಿ. ಆಗ ಕೋಲಾಟವನ್ನು ಸುತ್ತು ಬಿಟ್ಟು ಎದುರುಬದುರು ಎರಡು ಸಾಲಿಗೆ ಬದಲಿಸಬೇಕು. ಎಂಟು ಜನಕ್ಕೆ 28 ಅಡಿ ಅಗಲ, 6 ಅಡಿ ಆಳದಲ್ಲಿ ಆಗುತ್ತದೆ. ನೃತ್ಯ ಮಾತ್ರ ನಾಲ್ಕು ಸಾಲು ಹಿಡಿಯುವುದಿಲ್ಲ, ಮಕ್ಕಳನ್ನು ಎರಡು ತಂಡ ಮಾಡಿ ಒಂದಾದ ಮೇಲೆ ಒಂದು ತರಬೇಕು. ಒತ್ತಾಗಿ ನಿಲ್ಲಿಸುವುದಕ್ಕೆ ನಾನು ಒಪ್ಪುವುದಿಲ್ಲ, ಕೋಲಿನ ಪೆಟ್ಟು ಮುಖಕ್ಕೆ ಬೀಳುತ್ತದೆ.

ಸ್ಟೇಜ್ ಬರುವ ಮೊದಲೇ ಅಂಗಳದಲ್ಲಿ ಸುಣ್ಣದ ಪುಡಿಯಿಂದ 32 ಅಡಿಗೆ 24 ಅಡಿಯ ಆಯತ ಎಳೆದು, ಒಳಗೆ ಹಿಂದೆ ಮುಂದೆ 3 ಅಡಿ ಬಿಟ್ಟು ಇನ್ನೆರಡು ಗೆರೆ ಹಾಕುತ್ತೇನೆ. ಅಭ್ಯಾಸವೆಲ್ಲ ಅದರೊಳಗೇ. ನಾನು ಎದುರಿಗೆ ನಿಲ್ಲುವುದಿಲ್ಲ, ಪಕ್ಕದಿಂದ ನೋಡುತ್ತೇನೆ. ಮುಂದಿನ ಸಾಲು ಗೆರೆ ದಾಟುವುದು, ಹಿಂದಿನ ಸಾಲಿನವರು ಪೂರ್ತಿ ಕೈ ಚಾಚದೆ ಮೊಣಕೈ ಮಡಚಿಕೊಳ್ಳುವುದು, ಇವೆರಡು ಕಂಡರೆ ಜಾಗ ಸಾಲುತ್ತಿಲ್ಲ ಅಂತಲೇ ಅರ್ಥ. ಡೊಳ್ಳು ಕುಣಿತ ಇದ್ದರೆ ಅದನ್ನು ಲೆಕ್ಕಕ್ಕೇ ಸೇರಿಸದೆ ಸ್ಟೇಜ್ ಮುಂದಿನ ನೆಲದಲ್ಲಿ ಮಾಡಿಸುತ್ತೇನೆ. ಎಲ್ಲರೂ ಒಂದೇ ತಾಳಕ್ಕೆ ನೆಗೆದಾಗ ಹಲಗೆ ಪುಟಿದು ಜೋಡಣೆ ಸಡಿಲವಾಗುತ್ತದೆ, ಆ ಸಂದಿಗೆ ಮುಂದಿನ ತಂಡದ ಬರಿಗಾಲು ಸಿಕ್ಕಿಕೊಳ್ಳಬಹುದು.